ಕರೆಂಟು ಖರ್ಚಾಗುತ್ತದೆಯೇ?

ಬಿಳೇಕಹಳ್ಳಿಯ ನಮ್ಮ ಮನೆಗೆ ಮೊನ್ನೆ ಹಳೆಯ ಶಿಷ್ಯೆಯೊಬ್ಬಳು ಬಂದಿದ್ದಳು. ಶಾಲೆಯೊಂದರಲ್ಲಿ ಪಾಠ ಹೇಳುತ್ತಿರುವ ಎಂ.ಎಸ್ಸಿ. ಪದವೀಧರೆ. ಉಪನ್ಯಾಸಕಿ ಹುದ್ದೆಯ ಅರ್ಜಿಯೊಡನೆ 'ನನ್ನ ಬೋಧನಾ ತತ್ವ' ಎಂದು ಒಂದು ಪುಟ ಕೊಡಬೇಕಂತೆ. 'ಚಟುವಟಿಕೆಯಿಂದ ಕಲಿಸುತ್ತೇನೆ' ಎಂದು ಬರೆದಿದ್ದಳು. ಮಕ್ಕಳು ಕಲಿತದ್ದಕ್ಕೆ ಸಾಕ್ಷಿ ಏನಮ್ಮ ಎಂದೆ. "ಎಲ್ಲರೂ ಪಾಸು ಸಾರ್."

ಬಿ.ಎಡ್. ಮುಗಿಸಿ ಬಹಳ ವರ್ಷ ನಾನೂ ಹಾಗೇ ನಂಬಿದ್ದೆ. ಓಮನ ನಿಯಮದ ಲೆಕ್ಕ ಸಲೀಸಾಗಿ ಮಾಡುತ್ತಿದ್ದ ಹತ್ತನೆಯ ತರಗತಿಗೆ ಒಮ್ಮೆ ಕೇಳಿದೆ: ಸರಣಿಯಲ್ಲಿ ಜೋಡಿಸಿದ ಒಂದೇ ಬಗೆಯ ಎರಡು ಬಲ್ಬುಗಳಲ್ಲಿ ಯಾವುದು ಹೆಚ್ಚು ಬೆಳಗುತ್ತದೆ? ಬಹುಪಾಲು ಮಕ್ಕಳು 'ಮೊದಲನೆಯದು' ಎಂದರು. ಕರೆಂಟು ಅಲ್ಲೇ ಅರ್ಧ ಖರ್ಚಾಗುತ್ತದಂತೆ!

ಮರುದಿನ ಉತ್ತರವನ್ನೂ ಕಾರಣವನ್ನೂ ಮೊದಲೇ ಬರೆಸಿ, ಪಕ್ಕದವರೊಡನೆ ವಾದಿಸಲು ಬಿಟ್ಟು, ಆಮೇಲೆ ಸ್ವಿಚ್ ಹಾಕಿದೆ. ಗ್ರಹಚಾರಕ್ಕೆ ಎರಡನೆಯ ಬಲ್ಬು ತುಸು ಮಂಕಾಗಿತ್ತು. "ನೋಡಿ ಸಾರ್!" ಎಂದು ಕೂಗಿದರು. ಬಲ್ಬುಗಳನ್ನು ಅದಲುಬದಲು ಮಾಡಿದೆ. ಮಂಕೂ ಬಲ್ಬಿನ ಜೊತೆಗೇ ಹೋಯಿತು. ಆಮ್ಮೀಟರನ್ನು ಎಲ್ಲಿ ಸೇರಿಸಿದರೂ ಒಂದೇ ಅಂಕಿ. ಮೂರು ವಾರ ಬಿಟ್ಟು, ಬಲ್ಬಿನ ಜಾಗದಲ್ಲಿ ರೋಧಕಗಳನ್ನಿಟ್ಟು ಅದನ್ನೇ ಕೇಳಿದೆ. ಹೆಚ್ಚಿನವರು ಸರಿಯಾಗಿ ಬರೆದರು. ಕೆಲವರು ಮತ್ತೆ 'ಖರ್ಚಿ'ಗೇ ಮರಳಿದ್ದರು.

ನಿನ್ನ ತರಗತಿಯ ಇಂಥದೊಂದನ್ನು ಬರಿ, ಮೊದಲಿನ ಉತ್ತರ, ಆಮೇಲಿನ ಉತ್ತರ ಎರಡನ್ನೂ ಲಗತ್ತಿಸು ಎಂದೆ.

"ಮರಳಿದವರದನ್ನೂ ಹಾಕಲೇ ಸಾರ್? ಕೆಲಸ ಸಿಗುತ್ತಾ?"

"ಹಾಕಮ್ಮ. ಅವರಿಗಾಗಿ ಪಾಠದಲ್ಲಿ ಏನು ಬದಲಿಸಿದೆ ಅನ್ನೋದನ್ನೂ."

ಮೊದಲ ಸಾಲನ್ನು ಹೊಡೆದುಹಾಕಿ ಕೂತಳು.