ಹಲಗೂರು ಸಾಲು, ಬಿ ಸೈಡ್ (ಹಳೇ ದನಿ ಹುಡುಕಾಟ, ಭಾಗ 6)

ಮೊದಲು ತಪ್ಪೊಪ್ಪಿಗೆ. ಮೂರನೇ ಕ್ಲಾಸಲ್ಲಿದ್ದಾಗ ತಾತನ ಮಂಟೇಸ್ವಾಮಿ ಕಥೆ ಕ್ಯಾಸೆಟ್ಟಿಂದ ಟೇಪ್ ಎಳೆದು ಭತ್ತದ ಗದ್ದೆ ಸುತ್ತ ಕಟ್ಟಿದ್ದೆ. ನಮ್ಮ ಸಾಲಿಗ್ರಾಮದ ಕಡೆಯವರಿಗೆ ಗೊತ್ತು, ಗಾಳಿ ಬೀಸಿದ್ರೆ ಅದು ಗುಂಯ್ ಅನ್ನುತ್ತೆ, ಗುಬ್ಬಿ ಹತ್ರ ಬರಲ್ಲ. ಹಾಳಾಗಿರೋ ಕ್ಯಾಸೆಟ್ ಅಂದ್ಕೊಂಡಿದ್ದೆ. ತಾತ ಬೈಲಿಲ್ಲ, ಟೇಪ್ ರೆಕಾರ್ಡರ್ ಅಟ್ಟಕ್ಕೆ ಹಾಕಿಬಿಟ್ಟರು.

ಈ ವರ್ಷ ತಾತನಿಗೆ ಮಂಡಿ ಬಿದ್ದೋಯ್ತು. ಶಿವರಾತ್ರಿ ಹೊತ್ತಿಗೆ ಕಪ್ಪಡಿ ಜಾತ್ರೆಗೆ ಹೋಗೋಕೆ ಆಗ್ಲಿಲ್ಲ. ರಾಚಪ್ಪಾಜಿ, ಚೆನ್ನಾಜಮ್ಮನ ಗದ್ದುಗೆ ಇರೋದು ಅಲ್ಲೇ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಕಥೆ ಹಾಡ್ತಾರೆ. ಒಂದೊಂದು ಭಾಗಕ್ಕೆ ಒಂದೊಂದು ಸಾಲು ಅಂತ ಹೆಸರು. ತಾತನಿಗೆ ಬೇಕಾಗಿದ್ದು ಹಲಗೂರು ಸಾಲು: ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆ ಕೇಳೋಕೆ ಹೋಗ್ತಾನಲ್ಲ, ಅದು. ನಾನು ಹರಿದು ಹಾಕಿದ್ದೂ ಅದನ್ನೇ.

ಯೂಟ್ಯೂಬಲ್ಲಿ ಸರಿಯಾದ ಕಾಗುಣಿತದಲ್ಲಿ ಹುಡುಕಿದ್ರೆ ಅರ್ಧವೂ ಸಿಗಲ್ಲ. ಹಾಕಿದವರು ತಮ್ಮ ಬಾಯಿಗೆ ಬಂದಂಗೆ ಟೈಪ್ ಮಾಡಿರ್ತಾರೆ. `manteswamy kathe` ಒಂದು ಲೋಕ, `mantesamy` ಇನ್ನೊಂದು ಲೋಕ. `dharege doddavaru` ಅಂತ ಹೊಡೆದಾಗ ಬೇರೆಯವೇ ಬಂದ್ವು. ಕೊನೆಗೆ ಕಥೆ ಹೆಸರು ಬಿಟ್ಟು ಊರಿನ ಹೆಸರು ಹಾಕಿದೆ, `halaguru siddappaji`. ಎರಡು ಸಿಕ್ಕವು.

ಕೇಳೋಕೆ ಮುಂಚೆ ಥಂಬ್‌ನೇಲ್ ನೋಡಿ. ಕ್ಯಾಸೆಟ್ ಕವರಿನ ಫೋಟೋ ಇದ್ರೆ ಅದರ ಮೂಲೆಯಲ್ಲಿ ಭಾಗ 1, ಭಾಗ 2 ಅಂತ ಇರುತ್ತೆ, ಡಿಸ್ಕ್ರಿಪ್ಷನ್‌ನಲ್ಲಿ ಇರಲ್ಲ. ಕೀಬೋರ್ಡು, ಪ್ಯಾಡು ಕೇಳಿಸಿದ್ರೆ ಸ್ಟುಡಿಯೋ ಕ್ಯಾಸೆಟ್. ನಾಯಿ ಬೊಗಳಿದ್ರೆ ಯಾರೋ ಜಾತ್ರೆಯಲ್ಲೇ ರೆಕಾರ್ಡ್ ಮಾಡಿದ್ದು. (ನನಗೆ ನಾಯಿಯವೇ ಇಷ್ಟ.) ವಿಡಿಯೋ ಹೆಚ್ಚುಕಮ್ಮಿ ಅರ್ಧ ಗಂಟೆ ಇದ್ದು ಮಾತಿನ ಮಧ್ಯೆ ನಿಂತುಹೋದ್ರೆ ಕಥೆ ಮುಗಿದಿಲ್ಲ, ಎ ಸೈಡ್ ಮುಗಿದಿದೆ ಅಷ್ಟೇ. 60 ನಿಮಿಷದ ಕ್ಯಾಸೆಟ್ಟಲ್ಲಿ ಒಂದು ಮಗ್ಗುಲಿಗೆ 30 ನಿಮಿಷ. ಬಿ ಸೈಡನ್ನ ಅದೇ ಚಾನೆಲ್‌ನಲ್ಲಿ, ಬೇರೆ ಹೆಸರಲ್ಲಿ ಹುಡುಕಬೇಕು.

ನನಗೆ ಸಿಕ್ಕಿದ್ದೂ ಹಂಗೇ. ಮೊದಲನೇ ಚಾನೆಲ್‌ನಲ್ಲಿ ಎ ಸೈಡ್ ಮಾತ್ರ. ಎರಡನೇದರಲ್ಲಿ ಎರಡೂ ಸೈಡ್. ಖುಷಿಯಾಗಿ ಎರಡನೇದನ್ನ ಸ್ಪೀಕರಿಗೆ ಹಾಕಿದೆ. ತಾತ ಎರಡು ನಿಮಿಷ ಕೇಳಿ ಮುಖ ತಿರುಗಿಸಿದ್ರು. "ಇದು ಅವನ ಗಂಟ್ಲಲ್ಲ ಕನ್ಲಾ. ಹೈದ ಆಡ್ದಂಗದೆ."

ವಯಸ್ಸಾಯ್ತು, ಕಿವಿ ಮಂದ ಅಂದ್ಕೊಂಡೆ. ಆದ್ರೂ ಬಿಕಾಂ ಬುದ್ಧಿ, ಎರಡು ಕಡೆಯ ಎ ಸೈಡ್ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಶುರು ಆಗೋ ಪದ ಒಂದೇ, ನಿಲ್ಲೋ ಪದ ಒಂದೇ. ಆದ್ರೆ ಮೊದಲನೇದು 29 ನಿಮಿಷ 10 ಸೆಕೆಂಡು, ಎರಡನೇದು 27 ನಿಮಿಷ 30 ಸೆಕೆಂಡು. ಒಂದೇ ಹಾಡಿಗೆ 100 ಸೆಕೆಂಡು ವ್ಯತ್ಯಾಸ! ಎರಡನೆಯವರ ಟೇಪ್ ರೆಕಾರ್ಡರ್ ಜೋರಾಗಿ ಓಡಿದೆ. ಟೇಪ್ ಜೋರಾಗಿ ಓಡಿದ್ರೆ ಹಾಡೂ ಬೇಗ ಮುಗಿಯುತ್ತೆ, ದನಿಯೂ ಏರುತ್ತೆ. ಇಷ್ಟು ವ್ಯತ್ಯಾಸಕ್ಕೆ ಹಾರ್ಮೋನಿಯಂನಲ್ಲಿ ಒಂದು ಕೀ ಪಕ್ಕಕ್ಕೆ ಸರಿದಷ್ಟು. ಮೊದಲನೇದನ್ನ ಹಾಕಿದ ತಕ್ಷಣ ತಾತ, "ಹಾ, ಇವ್ನೇ" ಅಂದ್ರು. ಕಿವಿ ಮಂದ ಆಗಿದ್ದು ನಂದು.

ಯೂಟ್ಯೂಬಲ್ಲೇ ಸ್ಪೀಡ್ 0.95 ಇಟ್ಟು ನೋಡಿದೆ. ಆಗಲ್ಲ. ಅದು ಹಾಡನ್ನ ನಿಧಾನ ಮಾಡುತ್ತೆ, ದನಿಯನ್ನ ಇದ್ದಲ್ಲೇ ಬಿಡುತ್ತೆ. ಎರಡೂ ಒಟ್ಟಿಗೆ ಇಳೀಬೇಕು. ಹಂಗಾಗಿ ಮನೆ ಮಟ್ಟಿಗೆ ಅಂತ ಬಿ ಸೈಡನ್ನ ಲ್ಯಾಪ್‌ಟಾಪಲ್ಲಿ ರೆಕಾರ್ಡ್ ಮಾಡ್ಕೊಂಡು Audacity ತೆರೆದು, Effect ಒಳಗಿನ Change Speed and Pitch ನಲ್ಲಿ 0.943 ಹಾಕಿದೆ. ಲೆಕ್ಕ ಇಷ್ಟೇ: 27:30 ಅಂದ್ರೆ 1650 ಸೆಕೆಂಡು, 29:10 ಅಂದ್ರೆ 1750. ಮೊದಲನೇದನ್ನ ಎರಡನೇದರಿಂದ ಭಾಗಿಸಿ. ಎರಡೂ ಸೈಡನ್ನ ಒಂದೇ ಮೆಷಿನ್‌ನಲ್ಲಿ ಹಾಕಿರ್ತಾರೆ ಅನ್ನೋ ನಂಬಿಕೆ ಮೇಲೆ ಎ ಸೈಡಿನ ಲೆಕ್ಕವನ್ನೇ ಬಿ ಸೈಡಿಗೂ ಬಳಸಿದೆ. ತಂಬೂರಿ ಶ್ರುತಿ ಎ ಸೈಡಿಗೆ ಕೂಡಿಕೊಳ್ತು, ಹಾಗಾಗಿ ಸರಿ ಅಂತ ಗೊತ್ತಾಯ್ತು.

ಸಂಜೆ ಜಗುಲಿ ಮೇಲೆ ಹಾಕಿದೆ. ತಾತ ಕಣ್ಣು ಮುಚ್ಕೊಂಡು ಕೇಳಿದ್ರು, ಹಿಮ್ಮೇಳದವರು ದನಿಗೂಡಿಸಿದಾಗೆಲ್ಲ ಇವರೂ ಸಣ್ಣಗೆ ಸೇರಿಸ್ತಿದ್ರು. ಪಾಂಚಾಳರು ಸಿದ್ದಪ್ಪಾಜಿಯನ್ನ ಪರೀಕ್ಷೆ ಮಾಡೋ ಜಾಗಕ್ಕೆ ಬಂದಾಗ ಗೊರ್ ಅಂತ ಸದ್ದು, ಆಮೇಲೆ ಏನೂ ಇಲ್ಲ. ಅಲ್ಲಿ ಟೇಪ್ ಸಿಕ್ಕಿಹಾಕಿಕೊಂಡಿದೆ. ಸುಮಾರು ನಾಲ್ಕು ನಿಮಿಷ ಖಾಲಿ. ಅದಕ್ಕೆ ಯಾವ ಎಫೆಕ್ಟೂ ಇಲ್ಲ.

ನಾನು ಮುಂದಕ್ಕೆ ಓಡಿಸೋಕೆ ಹೋದೆ. ತಾತ ಕೈ ಹಿಡಿದು, "ತಡಿ ಮಗ" ಅಂತ, ಬಿಟ್ಟಲ್ಲಿಂದ ಹಾಡೋಕೆ ಶುರು ಮಾಡಿದ್ರು. ದನಿ ನಡುಗ್ತಿತ್ತು, ಪದ ತಪ್ಪಲಿಲ್ಲ. ಕಷ್ಟಪಟ್ಟು ಇನ್ನೊಂದು ಕೈಯಲ್ಲಿ ಫೋನಿನ ರೆಕಾರ್ಡರ್ ಒತ್ತಿದೆ. ಮೊದಲನೇ ಎರಡು ಸಾಲು ತಪ್ಪಿಹೋಯ್ತು.

ಈಗ ಆ ಫೋಲ್ಡರಲ್ಲಿ ಮೂರು ಫೈಲ್ ಇವೆ: `halaguru_A`, `halaguru_B`, `halaguru_thatha`.