ಮೂಗಿನ ಮೇಲಿನ ತುಪ್ಪ

2023ರ ಜುಲೈ ತಿಂಗಳು. ಹಾಸನದಲ್ಲಿ ಆರನೇ ತರಗತಿ ಓದುವ ಮೊಮ್ಮಗಳು ಭಾನುವಾರ ಹೊಳೆನರಸೀಪುರದ ನಮ್ಮ ಮನೆಗೆ ಬಂದಿದ್ದಳು. ಅವಳ ಚೀಲದಲ್ಲಿ ಒಂದು ಪತ್ರಿಕೆಯ ತುಂಡಿತ್ತು. ಅದರಲ್ಲಿದ್ದುದು ಬೆಲೆ ಏರಿಕೆಯ ವ್ಯಂಗ್ಯಚಿತ್ರ. ಅದನ್ನು ನೋಡಿ ಹತ್ತು ವಾಕ್ಯ ಬರೆಯಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ.

"ತಾತ, ಇದರಲ್ಲಿ ಎಲ್ಲಾ ಸುಳ್ಳೇ ಇದೆ. ಏನು ಬರೀಲಿ?" ಎಂದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಆನೆಗಿಂತ ದೊಡ್ಡ ಟೊಮೆಟೊ ಒಂದು ಬಲೂನಿನ ಹಾಗೆ ಮೋಡದೊಳಗೆ ಹೋಗುತ್ತಿದೆ. ಕೆಳಗೆ ಕಡ್ಡಿಯಂಥ ಒಬ್ಬ ಮನುಷ್ಯ ಖಾಲಿ ಕೈಚೀಲ ಹಿಡಿದು ಮೇಲೆ ನೋಡುತ್ತಿದ್ದಾನೆ. ಅವನ ಹೊಟ್ಟೆಯ ಮೇಲೆ ಒದ್ದೆ ಬಟ್ಟೆ. ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತ ಬಿಳಿ ಟೋಪಿಯವನು 'ಭರವಸೆ' ಎಂದು ಬರೆದ ಗಡಿಗೆಯಿಂದ ತುಪ್ಪ ತೆಗೆದು ಆ ಬಡಪಾಯಿಯ ಮೂಗಿಗೆ ಸವರುತ್ತಿದ್ದಾನೆ. ಮೂಲೆಯಲ್ಲಿ ಡೊಳ್ಳು ಹೊಟ್ಟೆಯವನೊಬ್ಬ ತಿಜೋರಿಯ ಮೇಲೆ ಕುಳಿತು ನಗುತ್ತಿದ್ದಾನೆ. ತಿಜೋರಿಯ ಬಾಗಿಲ ಸಂದಿಯಿಂದ ಟೊಮೆಟೊಗಳು ಇಣುಕುತ್ತಿವೆ.

"ಬೆಲೆ ಜಾಸ್ತಿಯಾದರೆ ನಿಮ್ಮಮ್ಮ ಏನಂತಾಳೆ?" ಎಂದು ಕೇಳಿದೆ.

"ಬೆಲೆ ಗಗನಕ್ಕೇರಿದೆ ಅಂತಾಳೆ."

"ಹಾಗಾದರೆ ಚಿತ್ರದಲ್ಲಿ ಟೊಮೆಟೊ ಎಲ್ಲಿಗೆ ಹೋಗ್ತಿದೆ?"

ಅವಳ ಕಣ್ಣು ಅರಳಿತು. ಚಿತ್ರಕಾರ ಹೊಸದೇನನ್ನೂ ಕಟ್ಟಿರಲಿಲ್ಲ. ನಾವು ಬಾಯಲ್ಲಿ ಆಡುವ ಮಾತನ್ನು ಇದ್ದ ಹಾಗೇ ಬರೆದಿದ್ದ. ಉಳಿದವನ್ನು ಅವಳೇ ಹುಡುಕಿದಳು. ಒದ್ದೆ ಬಟ್ಟೆ ಅಂದರೆ ಹೊಟ್ಟೆಗೆ ತಣ್ಣೀರು ಬಟ್ಟೆ, ಉಪವಾಸ. ತುಪ್ಪ ಮಾತ್ರ ಅವಳಿಗೆ ತಿಳಿಯಲಿಲ್ಲ. ಆಗ ನನ್ನಾಕೆ ಅಡುಗೆಮನೆಯಿಂದ ತುಪ್ಪದ ಚಮಚ ತಂದು ಅವಳ ಮೂಗಿನ ತುದಿಗೆ ಒಂದಿಷ್ಟು ಸವರಿ, "ಈಗ ತಿನ್ನು" ಅಂದಳು. ವಾಸನೆ ಬರುತ್ತದೆ, ನಾಲಿಗೆಗೆ ಎಟಕುವುದಿಲ್ಲ. "ಕೊಡ್ತೀವಿ ಅಂತ ಹೇಳಿ ಕೊಡದೇ ಇರೋದು!" ಎಂದು ಮಗು ಕೂಗಿತು. ಆ ವಾಕ್ಯ ಹಾಗೆಯೇ ನೋಟ್ ಪುಸ್ತಕಕ್ಕೆ ಹೋಯಿತು.

"ಆದರೂ ಟೊಮೆಟೊ ಅಷ್ಟು ದೊಡ್ಡದಿರಲ್ಲ" ಎಂದು ಅವಳು ಹಟ ಹಿಡಿದಳು.

ಹಿಂದಿನ ವರ್ಷ ಶಾಲೆಯಿಂದ ಹಳೇಬೀಡಿಗೆ ಹೋಗಿ ಬಂದದ್ದನ್ನು ನೆನಪಿಸಿದೆ. ಅಲ್ಲಿಯ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಕೃಷ್ಣ ಗೋವರ್ಧನ ಗಿರಿ ಎತ್ತಿ ನಿಂತಿದ್ದಾನೆ. ಬೆಟ್ಟ ಅವನ ತಲೆಯ ಮೇಲಿನ ಕೊಡೆಯಷ್ಟೇ ಇದೆ. ಶಿಲ್ಪಿಗೆ ಬೆಟ್ಟ ಎಷ್ಟು ದೊಡ್ಡದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾವುದು ಮುಖ್ಯವೋ ಅದನ್ನು ದೊಡ್ಡದು ಮಾಡಿದ. ವ್ಯಂಗ್ಯಚಿತ್ರದಲ್ಲೂ ಗಾತ್ರವನ್ನು ಅಳೆಯುವುದು ಕಣ್ಣಲ್ಲ, ಮನಸ್ಸು.

ಮತ್ತೆ ಲೆಕ್ಕ ಮಾಡಿಸಿದೆ. ನಮ್ಮ ಮನೆಗೆ ವಾರಕ್ಕೆ ಎರಡು ಕೆ.ಜಿ. ಟೊಮೆಟೊ ಬೇಕು. ಕೆ.ಜಿ.ಗೆ 20 ರೂಪಾಯಿ ಇದ್ದಾಗ 40 ಸಾಕಿತ್ತು. ಆ ತಿಂಗಳು 100 ದಾಟಿದ್ದರಿಂದ 200ಕ್ಕೂ ಹೆಚ್ಚು ಬೇಕಾಯಿತು. ಪಿಂಚಣಿ ಬರುವ ನಾನು ಗೊಣಗಿಕೊಂಡು ಕೊಟ್ಟೆ. ನಮ್ಮ ತೋಟದ ಕೆಲಸಕ್ಕೆ ಬರುವವರಿಗೆ ದಿನಕ್ಕೆ 500 ರೂಪಾಯಿ ಕೂಲಿ. ಅವರು ಅಷ್ಟೇ ಟೊಮೆಟೊ ಕೊಂಡರೆ ಒಂದು ದಿನದ ದುಡಿಮೆಯಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಹಣ್ಣು ಅದೇ, ತೂಕ ಅದೇ. ನನ್ನ ಚೀಲದಲ್ಲಿ ಅದು ಟೊಮೆಟೊ, ಅವರ ಚೀಲದಲ್ಲಿ ಕುಂಬಳಕಾಯಿ. ಚಿತ್ರಕಾರ ಅವರ ಕಣ್ಣಿನಿಂದ ನೋಡಿ ಬರೆದಿದ್ದ. ಅದಕ್ಕೇ ಮನುಷ್ಯ ಕಡ್ಡಿ, ಟೊಮೆಟೊ ಆನೆ.

ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನ ಕಥೆಯನ್ನೂ ಹೇಳಿದೆ. ಚೌಕುಳಿ ಕೋಟು, ಪಂಚೆ, ಕನ್ನಡಕದ ಆ ಮುದುಕ ದಶಕಗಳ ಕಾಲ ಪತ್ರಿಕೆಯ ಮೂಲೆಯಲ್ಲಿ ಬಾಯಿ ಬಿಡದೆ ನಿಂತಿದ್ದ. ಮಾತಾಡುವವರೆಲ್ಲ ಬೇರೆಯವರು, ಅನುಭವಿಸುವವನು ಅವನು. ನಮ್ಮ ಚಿತ್ರದ ಕಡ್ಡಿ ಮನುಷ್ಯನ ಬಾಯಿಯೂ ಮುಚ್ಚಿಯೇ ಇತ್ತು. ಮೊಮ್ಮಗಳು ಅದನ್ನೂ ಬರೆದುಕೊಂಡಳು.

ಆಮೇಲೆ ಅವಳು ಡೊಳ್ಳು ಹೊಟ್ಟೆಯವನ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು, "ತಾತ, ಇದು ಚಿಕ್ಕ ತಾತನಾ?"

ನನಗೆ ಎದೆ ಧಸಕ್ಕೆಂದಿತು. ನನ್ನ ತಮ್ಮ ಅರಕಲಗೂಡಿನ ಕಡೆ ಅರ್ಧ ಎಕರೆಯಲ್ಲಿ ಟೊಮೆಟೊ ಬೆಳೆಯುತ್ತಾನೆ. ಟೊಮೆಟೊ ಮಾರುವವನು ನಗುತ್ತಿದ್ದಾನೆ, ಚಿಕ್ಕ ತಾತ ಟೊಮೆಟೊ ಮಾರುತ್ತಾನೆ, ಆದ್ದರಿಂದ ಅವನೇ ಇವನು. ಮಗುವಿನ ತರ್ಕದಲ್ಲಿ ತಪ್ಪೇನಿದೆ?

ತಮ್ಮನಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಚಿತ್ರವನ್ನು ವಿವರಿಸಿದಾಗ ಅವನು ಜೋರಾಗಿ ನಕ್ಕ. "ತಿಜೋರಿಯೇ? ಅಣ್ಣ, ಹಣ್ಣಾದ ಟೊಮೆಟೊ ನಾಲ್ಕು ದಿನ ಇಟ್ಟರೆ ನೀರು ಬಿಟ್ಟುಕೊಳ್ಳುತ್ತೆ. ಈರುಳ್ಳಿ, ಬೇಳೆ ಆದರೆ ಗೋದಾಮಿನಲ್ಲಿ ಕೂಡಿಡಬಹುದು. ಇದನ್ನ ಎಲ್ಲಿ ಇಡೋದು? ಈ ಸಲ ಗಿಡಕ್ಕೆ ಎಲೆ ಮುದುಡೋ ರೋಗ ಬಿತ್ತು. ಬೆಲೆ ಇದೆ, ಹಣ್ಣೇ ಇಲ್ಲ. ನನಗೆ ಹೊಟ್ಟೆ ಎಲ್ಲಿ ಬರಬೇಕು?"

ಫೋನ್ ಇಟ್ಟ ಮೇಲೆ ಇಬ್ಬರೂ ಚಿತ್ರವನ್ನು ಮತ್ತೆ ನೋಡಿದೆವು. ಡೊಳ್ಳು ಹೊಟ್ಟೆಯವನ ಸೊಂಟದಲ್ಲಿ ಬೀಗದ ಕೈ ಗೊಂಚಲು, ಬೆರಳಿಗೆಲ್ಲ ಉಂಗುರ, ಕಾಲಿಗೆ ಮಿರುಗುವ ಬೂಟು. ಹೆಗಲ ಮೇಲೆ ಟವೆಲ್ ಇಲ್ಲ, ಕಾಲಲ್ಲಿ ಮಣ್ಣಿಲ್ಲ. ಅವನು ರೈತನಲ್ಲ, ದಾಸ್ತಾನು ಮಾಡುವ ವ್ಯಾಪಾರಿ. ವ್ಯಂಗ್ಯಚಿತ್ರದಲ್ಲಿ ಯಾರು ಯಾರೆಂದು ಹೇಳುವುದು ಮುಖವಲ್ಲ, ಇಂಥ ಸಣ್ಣ ಗುರುತುಗಳು.

ತಮ್ಮನ ಮಾತು ಇನ್ನೊಂದು ವಿಷಯವನ್ನೂ ತೋರಿಸಿತು. ಟೊಮೆಟೊವನ್ನು ಆನೆ ಮಾಡಿದ್ದು ನ್ಯಾಯ, ಏಕೆಂದರೆ ಬೆಲೆ ನಿಜವಾಗಿ ಏರಿತ್ತು. ಇದ್ದದ್ದನ್ನು ಹಿಗ್ಗಿಸುವುದು ಉತ್ಪ್ರೇಕ್ಷೆ. ತಿಜೋರಿ ಹಾಗಲ್ಲ. ಕೂಡಿಡಲಾಗದ ಹಣ್ಣನ್ನು ಕೂಡಿಟ್ಟಂತೆ ತೋರಿಸಿ, ಇಲ್ಲದ್ದನ್ನು ಸೇರಿಸಿದೆ. ಅಂಥ ಕಡೆ ನಗುವ ಮೊದಲು ಗೊತ್ತಿರುವವರನ್ನು ಒಂದು ಮಾತು ಕೇಳಬೇಕು.

ಅದೇ ತಿಂಗಳ ಮೊದಲ ವಾರ ನಮ್ಮ ಜಿಲ್ಲೆಯ ಗೋಣಿಸೋಮನಹಳ್ಳಿಯಲ್ಲಿ, ಹಳೇಬೀಡಿನ ಹತ್ತಿರ, ರಾತ್ರಿ ಹೊಲದಿಂದಲೇ ಲಕ್ಷಾಂತರ ರೂಪಾಯಿಯ ಟೊಮೆಟೊ ಕದ್ದೊಯ್ದ ಸುದ್ದಿ ಬಂದಿತ್ತು. ಅದನ್ನು ಓದಿ ಹೇಳಿದಾಗ ಮೊಮ್ಮಗಳು, "ಹಾಗಾದರೆ ತಿಜೋರಿ ಬೇಕಾಗಿದ್ದು ರೈತರಿಗೆ!" ಎಂದಳು. ನಾನು ಸುಮ್ಮನಾದೆ. ಆ ಚಿತ್ರದಲ್ಲಿ ರೈತ ಎಲ್ಲಿಯೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಕೊಳ್ಳುವವನ ಕಡೆಯಿಂದ ಬರೆದ ಚಿತ್ರ ಅದು. ಯಾರಿದ್ದಾರೆಂದು ನೋಡಿದ್ದೆವು, ಯಾರಿಲ್ಲವೆಂದು ನೋಡಿರಲಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಟೊಮೆಟೊ ಬೆಲೆ ಕುಸಿಯಿತು. ತಮ್ಮನ ಎರಡನೇ ಬೆಳೆ ಚೆನ್ನಾಗಿ ಬಂದಿತ್ತು, ಆದರೆ ಬಿಡಿಸುವ ಕೂಲಿಯೂ ಹುಟ್ಟುವಂತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಒಂದು ಮದುವೆಗೆ ಎಲ್ಲರೂ ಸೇರಿದ್ದಾಗ ಮೊಮ್ಮಗಳು ತಾನೇ ಬರೆದ ಚಿತ್ರವನ್ನು ಅವನ ಕೈಗೆ ಕೊಟ್ಟಳು. ಅದರಲ್ಲಿ ಗೋಲಿಯಷ್ಟು ಪುಟ್ಟ ಟೊಮೆಟೊ ಇತ್ತು. ಅದನ್ನು ಬೆನ್ನ ಮೇಲೆ ಹೊತ್ತು, ಬಂಡೆ ಹೊತ್ತವನಂತೆ ಒಬ್ಬ ರೈತ ಬಗ್ಗಿದ್ದ. ಅವನ ಮೂಗಿನ ಮೇಲೂ ಒಂದು ಹನಿ ತುಪ್ಪ.

ತಮ್ಮ ತುಂಬ ಹೊತ್ತು ನೋಡಿದ. "ನನ್ನ ಮೂಗು ಇಷ್ಟು ಉದ್ದ ಇಲ್ಲ ಕಣವ್ವ" ಎಂದು ನಕ್ಕು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡ.