ಬಂದ ಮೇಲೆ ಬಿಟ್ಟರೇನು ಲಾಭ?

ನಮ್ಮ ಸಿಂಗಟಗೆರೆಯ ತೋಟದಲ್ಲಿ ಅಪ್ಪ ಎಲ್ಲಿದ್ದಾರೆಂದು ಹುಡುಕಬೇಕಾದರೆ ಬೀಡಿಯ ವಾಸನೆ ಹಿಡಿದು ಹೋದರೆ ಸಾಕಿತ್ತು. ದಿನಕ್ಕೊಂದು ಕಟ್ಟು, ನಲವತ್ತು ವರ್ಷ. ಧ್ವನಿ ಒಡೆದು ಎರಡು ತಿಂಗಳಾದರೂ "ಶೀತ ಕಣಮ್ಮ" ಎನ್ನುತ್ತಿದ್ದರು. ಪರೀಕ್ಷೆ ಮಾಡಿಸಿದಾಗ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಂದು ತಿಳಿಯಿತು.

ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದೆವು. ರೇಡಿಯೇಷನ್ ಅಂದರೆ ವಿಕಿರಣ ಚಿಕಿತ್ಸೆ ಕೊಡಬೇಕೆಂದರು. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸಲ, ಏಳು ವಾರ, ಒಟ್ಟು 35 ಸಲ. ಆಸ್ಪತ್ರೆಯ ಹತ್ತಿರ ಕೋಣೆ ಬಾಡಿಗೆಗೆ ಹಿಡಿದೆವು.

ಎರಡನೆಯ ವಾರ ಸಂಜೆ ಹಾಲು ತರಲು ಹೋಗಿ ಬಂದಾಗ ಕಿಟಕಿಯ ಅಂಚಿನಲ್ಲಿ ಬೂದಿ ಕಂಡಿತು. ಅಪ್ಪ ತಲೆ ತಗ್ಗಿಸಿದರು. ಆಮೇಲೆ ಒಡೆದ ಧ್ವನಿಯಲ್ಲೇ ಕೇಳಿದರು: "ಬರೋದು ಬಂದೇ ಬಿಡ್ತಲ್ಲ, ಈಗ ಬಿಟ್ಟು ಏನು ಲಾಭ ಮಗಳೇ?" ಊರಿನಿಂದ ನೋಡಲು ಬಂದ ನೆಂಟರೂ ಅದನ್ನೇ ಹೇಳಿದ್ದರು: "ಪಾಪ, ಇರೋ ಒಂದು ಸುಖ, ಸೇದಲಿ ಬಿಡು." ನನಗೂ ಉತ್ತರ ಗೊತ್ತಿರಲಿಲ್ಲ. ಮರುದಿನ ಆ ಪ್ರಶ್ನೆಯನ್ನು ಹಾಗೇ ಡಾಕ್ಟರ ಮುಂದಿಟ್ಟೆ.

ಅವರು ಬೈಯಲಿಲ್ಲ. "ಯಜಮಾನ್ರೇ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋದು ನೋಡಿದ್ದೀರಲ್ಲ?" ಎಂದರು. "ರಕ್ತದ ಸೀಟುಗಳಲ್ಲಿ ಕೂತು ಮೈಯೆಲ್ಲ ತಿರುಗಬೇಕಾದ್ದು ಆಮ್ಲಜನಕ. ಬೀಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ಅನಿಲ ಇದೆ. ಅದು ಟವೆಲ್ ಹಾಕಿ ಕೂತುಬಿಡುತ್ತೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ."

ಗೆಡ್ಡೆಗೆ ಆಮ್ಲಜನಕ ಸಿಗದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನನಗೆ ಅನ್ನಿಸಿತು. ಅದು ಉಲ್ಟಾ ಎಂದರು. ವಿಕಿರಣವು ಕ್ಯಾನ್ಸರ್ ಕೋಶಕ್ಕೆ ಮಾಡುವ ಪೆಟ್ಟು ಸರಿಹೋಗದಂತೆ ನಿಲ್ಲುವುದು ಹೆಚ್ಚಾಗಿ ಅಲ್ಲಿ ಆಮ್ಲಜನಕ ಇದ್ದಾಗ. ಆಮ್ಲಜನಕ ಪೂರ್ತಿ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದಂತೆ. ಹಾಗೆಂದು ಜಾಸ್ತಿ ಕೊಟ್ಟರೆ ಪಕ್ಕದ ಒಳ್ಳೆಯ ಭಾಗವೂ ಸುಟ್ಟುಹೋಗುತ್ತದೆ. ಚಿಕಿತ್ಸೆಗೆ ಮುಂಚೆ ಸೇದಿದ ಬೀಡಿ ಆ ದಿನದ ಚಿಕಿತ್ಸೆಯ ಬಲವನ್ನೇ ಕಡಿಮೆ ಮಾಡುತ್ತದೆ.

1993ರಲ್ಲಿ ಕೆನಡಾದ ವೈದ್ಯರು ಪ್ರಕಟಿಸಿದ ಲೆಕ್ಕವನ್ನೂ ಹೇಳಿದರು. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುವಾಗ ಸೇದುತ್ತಲೇ ಇದ್ದವರಲ್ಲಿ ನೂರಕ್ಕೆ 45 ಜನರ ಗೆಡ್ಡೆ ಪೂರ್ತಿ ಕರಗಿತ್ತು. ಸೇದದೆ ಇದ್ದವರಲ್ಲಿ ಅದು 74. ಎರಡು ವರ್ಷದ ಮೇಲೆ ಬದುಕಿದ್ದವರು ಸೇದಿದವರಲ್ಲಿ ನೂರಕ್ಕೆ 39, ಸೇದದವರಲ್ಲಿ 66. "ಸೇದದೆ ಇದ್ದವರಲ್ಲಿ ಚಿಕಿತ್ಸೆಗೆ ಮುಂಚೆ ಬಿಟ್ಟವರೂ ಇದ್ದರು" ಎಂದಾಗ ಅಪ್ಪ ತಲೆ ಎತ್ತಿದರು.

"ನಾನು ವಾರ ಕಳೆದೆನಲ್ಲ?"

"ಇನ್ನೂ ಇಪ್ಪತ್ತೆಂಟು ಸಲ ಬಾಕಿ ಇದೆ. ಆ ಅನಿಲ ಒಂದೆರಡು ದಿನದಲ್ಲಿ ರಕ್ತದಿಂದ ಹೋಗುತ್ತೆ. ಸೀಟು ಖಾಲಿಯಾಗುತ್ತೆ."

ಅಪ್ಪ ಜೇಬಿನ ಕಟ್ಟನ್ನು ತೆಗೆದು ನನ್ನ ಕೈಗಿಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಎರಡನೆಯ, ಮೂರನೆಯ ದಿನ ಅತಿ ಕಷ್ಟ. ನಿದ್ದೆಯಿಲ್ಲ, ಸಿಡಿಮಿಡಿ, ಬೆಳಗಿನ ಕಾಫಿ ಕುಡಿದ ತಕ್ಷಣ ಕೈ ಜೇಬಿಗೆ ಹೋಗುತ್ತಿತ್ತು. ಬಾಯಿ ಹುಣ್ಣಾಗಿದ್ದರಿಂದ ನಿಕೋಟಿನ್ ಚೂಯಿಂಗ್ ಗಮ್ ಬೇಡವೆಂದು ಡಾಕ್ಟರು ತೋಳಿಗೆ ಅಂಟಿಸುವ ಪಟ್ಟಿ ಬರೆದುಕೊಟ್ಟರು. ಬೀಡಿಯ ಬದಲು ಎಲೆ, ಹೊಗೆಸೊಪ್ಪು ಹಾಕಿಕೊಳ್ಳುವುದೂ ಬೇಡವೆಂದು ಎಚ್ಚರಿಸಿದರು. ಚಪಲ ಬಂದಾಗ ಅದು ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ದಾಟಿಸಿ ಎಂದಿದ್ದರು. ನಾವಿಬ್ಬರೂ ಆಸ್ಪತ್ರೆಯ ಆವರಣದಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆವು. ಬರುವಷ್ಟರಲ್ಲಿ ಕಳೆದಿರುತ್ತಿತ್ತು. ಒಮ್ಮೆ ಯಾರದೋ ಬೀಡಿ ಇಸಿದುಕೊಂಡು ಎರಡು ದಮ್ಮು ಎಳೆದು, ತಾವೇ ಬಂದು ಹೇಳಿದರು. ಮರುದಿನದಿಂದ ಮತ್ತೆ ಎಣಿಕೆ ಶುರು ಮಾಡಿದೆವು.

ನಮ್ಮಂತೆ ಜೊತೆಗೆ ಯಾರೂ ಇಲ್ಲದವರಿಗೆ ಸರ್ಕಾರದ ಉಚಿತ ಫೋನ್ ಇದೆ, 1800-11-2356. ತಂಬಾಕು ಬಿಡಲು ಮಾತಾಡಿ ದಾರಿ ತೋರಿಸುತ್ತಾರೆ.

ಮೂರು ವರ್ಷವಾಯಿತು. ಅಪ್ಪ ಉಳಿದದ್ದು ಬೀಡಿ ಬಿಟ್ಟಿದ್ದಕ್ಕೇ ಎಂದು ಡಾಕ್ಟರು ಎಂದೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬಿಟ್ಟವರಿಗೂ ರೋಗ ಮರುಕಳಿಸಬಹುದು. ಆದರೆ ಸೇದುತ್ತಿದ್ದರೆ ಇನ್ನೊಂದು ಹೊಸ ಕ್ಯಾನ್ಸರ್ ಬರುವ ಭಯವೂ ಜಾಸ್ತಿ, ಅದಕ್ಕೇ ಚಿಕಿತ್ಸೆ ಮುಗಿದ ಮೇಲೂ ಬೀಡಿ ಮುಟ್ಟಬಾರದು ಎಂದಿದ್ದಾರೆ.

ಈಗಲೂ ಅಪ್ಪನ ಧ್ವನಿ ಒಡಕೇ. ತೋಟದಲ್ಲಿ ಅವರನ್ನು ಹುಡುಕಲು ಕೂಗಬೇಕು. ಕಿವಿಗೊಟ್ಟು ನಿಂತರೆ ತೆಂಗಿನ ಸಾಲಿನ ಆಚೆಯಿಂದ "ಇಲ್ಲಿದ್ದೀನಿ ಮಗಳೇ" ಎನ್ನುವ ಆ ಒಡಕು ದನಿ ಕೇಳುತ್ತದೆ.